ತಾತ್ಕಾಲಿಕ ಪಾರ್ಶ್ವವಾಯು (ಟಿ.ಐ.ಎ.): ಮುನ್ಸೂಚನೆ ಹಾಗೂ ಆನಂತರ ಕೈಗೊಳ್ಳಬೇಕಾದ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಒಂದು ಕೈ ಅಥವಾ ಕಾಲು ಏಕಾಏಕಿ ಬಲಹೀನವಾಗುವುದು, ಬಾಯಿ ಒಂದು ಬದಿಗೆ ವಾಲುವುದು, ಮಾತು ತೊದಲುವುದು ಅಥವಾ ಒಂದು ಕಣ್ಣಿನ ದೃಷ್ಟಿ ಮರೆಯಾಗುವುದು, ಬಳಿಕ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮೊದಲಿನಂತಾಗುವುದು: ಇಂತಹ ಘಟನೆಯನ್ನು ವೈದ್ಯಕೀಯ ಪರಿಭಾಷೆಯಲ್ಲಿ ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್, ಸಂಕ್ಷಿಪ್ತವಾಗಿ ಟಿ.ಐ.ಎ. ಎಂದು ಕರೆಯಲಾಗುತ್ತದೆ. ಮಿದುಳಿನ ಒಂದು ಭಾಗಕ್ಕೆ ರಕ್ತ ಪೂರೈಕೆಯು ಅಲ್ಪಕಾಲ ನಿಂತು, ಶಾಶ್ವತ ಹಾನಿಯಾಗುವ ಮೊದಲೇ ಮತ್ತೆ ಆರಂಭವಾಗುವುದೇ ಇದರ ಸ್ವರೂಪವಾಗಿದೆ. ಜನಸಾಮಾನ್ಯರು ಲಕ್ವ ಎಂದು ಕರೆಯುವ ಪಾರ್ಶ್ವವಾಯುವಿಗೂ ಇದಕ್ಕೂ ಕಾರಣ ಒಂದೇ ಆಗಿದ್ದು, ರಕ್ತ ಹರಿವು ಪುನಃ ಆರಂಭವಾಯಿತೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸವಾಗಿರುತ್ತದೆ.

ನೋವಿಲ್ಲದೆ ಬಂದು ತಾನಾಗಿಯೇ ಹೋಗುವ ಕಾರಣ ಈ ಘಟನೆಯನ್ನು ಬಹುತೇಕ ಕುಟುಂಬಗಳಲ್ಲಿ ನಿಶ್ಶಕ್ತಿ, ಪಿತ್ತ ಅಥವಾ ನರ ಹಿಡಿದುಕೊಂಡಿರುವುದು ಎಂದು ಭಾವಿಸಿ ಬಿಟ್ಟುಬಿಡಲಾಗುತ್ತದೆ. ವಾಸ್ತವದಲ್ಲಿ ಲಕ್ಷಣಗಳು ಮಾಯವಾದ ನಂತರದ ಎರಡು ದಿನಗಳೇ ಅತ್ಯಂತ ಅಪಾಯಕರವಾದವು. ಆ ಅವಧಿಯಲ್ಲಿ ಏನು ಮಾಡಬೇಕು, ಆಸ್ಪತ್ರೆಯಲ್ಲಿ ಯಾವ ಪರೀಕ್ಷೆಗಳು ನಡೆಯಬೇಕು ಹಾಗೂ ಆನಂತರದ ತಿಂಗಳುಗಳಲ್ಲಿ ಯಾವ ತಪ್ಪುಗಳಾಗುತ್ತವೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಲಕ್ಷಣಗಳು ಮಾಯವಾಗಲು ಕಾರಣ

ಕುತ್ತಿಗೆಯ ಎರಡೂ ಬದಿಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳಿದ್ದು, ಇವುಗಳಿಗೆ ಕೆರೋಟಿಡ್ ರಕ್ತನಾಳಗಳೆಂದು ಹೆಸರು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಸೇವನೆ ಹಾಗೂ ಕೊಲೆಸ್ಟ್ರಾಲ್ ಕಾರಣದಿಂದ ಇವುಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ಈ ಕೊಬ್ಬಿನ ಪದರವು ಬಿರುಕು ಬಿಟ್ಟಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಸಣ್ಣ ತುಣುಕು ಮಿದುಳಿನತ್ತ ಸಾಗಿ ಕಿರಿಯ ರಕ್ತನಾಳವನ್ನು ಮುಚ್ಚುತ್ತದೆ. ತಲೆಬುರುಡೆಯ ಒಳಗಿನ ರಕ್ತನಾಳಗಳಲ್ಲಿಯೂ ಇದೇ ರೀತಿ ಆಗಬಹುದು. ಭಾರತೀಯರೂ ಸೇರಿದಂತೆ ಏಷ್ಯಾದ ಜನರಲ್ಲಿ ಈ ಎರಡನೆಯ ಬಗೆಯು ಹೆಚ್ಚಾಗಿ ಕಂಡುಬರುತ್ತದೆ. ಇನ್ನು ಕೆಲವರಲ್ಲಿ ಹೃದಯದ ಬಡಿತವು ಕ್ರಮ ತಪ್ಪಿ, ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತವೇ ಮಿದುಳಿಗೆ ಬರುತ್ತದೆ.

ಆ ತುಣುಕು ಚಿಕ್ಕದಾಗಿದ್ದರೆ ರಕ್ತದಲ್ಲಿರುವ ಸಹಜ ಶಕ್ತಿಯಿಂದ ಕರಗಿ ಅಥವಾ ಒಡೆದು ಮುಂದೆ ಸಾಗುತ್ತದೆ. ಆಗ ಕೈಗೆ ಬಲ ಬರುತ್ತದೆ, ಮಾತು ಸರಿಯಾಗುತ್ತದೆ. ಆದರೆ ಕರಗಿದ್ದು ಆ ಒಂದು ತುಣುಕು ಮಾತ್ರ. ಅದನ್ನು ಕಳುಹಿಸಿದ ಬಿರುಕು ಕುತ್ತಿಗೆಯಲ್ಲಿ ಅಥವಾ ಕ್ರಮ ತಪ್ಪಿದ ಬಡಿತ ಹೃದಯದಲ್ಲಿ ಹಾಗೆಯೇ ಉಳಿದಿರುತ್ತದೆ. ಎರಡನೆಯ ತುಣುಕು ದೊಡ್ಡದಾಗಿದ್ದರೆ ಅದು ಕರಗುವುದಿಲ್ಲ.

ಹಿಂದಿನ ದಿನಗಳಲ್ಲಿ 24 ಗಂಟೆಗಳೊಳಗೆ ಗುಣವಾದ ಎಲ್ಲಾ ಪ್ರಕರಣಗಳನ್ನು ಟಿ.ಐ.ಎ. ಎಂದೇ ಪರಿಗಣಿಸಲಾಗುತ್ತಿತ್ತು. ಎಂ.ಆರ್.ಐ. ಪರೀಕ್ಷೆಯು ಬಳಕೆಗೆ ಬಂದ ಮೇಲೆ, ಲಕ್ಷಣಗಳು ಪೂರ್ಣವಾಗಿ ಮಾಯವಾದ ಹಲವರಲ್ಲಿಯೂ ಮಿದುಳಿನ ಸಣ್ಣ ಭಾಗವೊಂದು ಸತ್ತಿರುವುದು ಕಂಡುಬಂದಿತು. ಆದ್ದರಿಂದ 2009ರಲ್ಲಿ ಅಮೆರಿಕದ ಹೃದಯ ಸಂಘವು ಗಡಿಯಾರದ ಲೆಕ್ಕವನ್ನು ಕೈಬಿಟ್ಟು, ಮಿದುಳಿಗೆ ಹಾನಿಯಾಗಿದೆಯೇ ಎಂಬುದನ್ನೇ ವ್ಯಾಖ್ಯೆಯ ಆಧಾರವನ್ನಾಗಿಸಿತು. ಸಾಮಾನ್ಯವಾಗಿ ಟಿ.ಐ.ಎ. ಲಕ್ಷಣಗಳು ಒಂದು ಗಂಟೆಯೊಳಗೆ ಮುಗಿಯುತ್ತವೆ. ಆದರೆ ಲಕ್ಷಣಗಳು ಇರುವಾಗ ಅವು ಹೋಗುತ್ತವೆಯೋ ಉಳಿಯುತ್ತವೆಯೋ ಎಂದು ವೈದ್ಯರೂ ಹೇಳಲಾಗುವುದಿಲ್ಲ. ಆದಕಾರಣ "ಸ್ವಲ್ಪ ಹೊತ್ತು ನೋಡೋಣ" ಎಂದು ಕಾಯುವುದು ಸರಿಯಲ್ಲ.

3. ಅಪಾಯದ ಪ್ರಮಾಣ

2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಟಿ.ಐ.ಎ. ಎಂದು ನಿರ್ಣಯಿಸಲಾದ 1,707 ರೋಗಿಗಳನ್ನು 90 ದಿನಗಳ ಕಾಲ ಗಮನಿಸಲಾಯಿತು. ಅವರಲ್ಲಿ 180 ಜನರಿಗೆ ಆ ಅವಧಿಯಲ್ಲಿ ಪಾರ್ಶ್ವವಾಯು ಉಂಟಾಯಿತು. ಈ ಪೈಕಿ 91 ಜನರಿಗೆ ಮೊದಲ ಎರಡು ದಿನಗಳಲ್ಲಿಯೇ ಉಂಟಾಯಿತು. ಅಂದರೆ ಮೂರು ತಿಂಗಳ ಒಟ್ಟು ಅಪಾಯದ ಅರ್ಧಭಾಗವು ಮೊದಲ 48 ಗಂಟೆಗಳಲ್ಲಿ ಅಡಗಿರುತ್ತದೆ.

ಈ ಅಪಾಯವನ್ನು ತಪ್ಪಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಎಕ್ಸ್‌ಪ್ರೆಸ್ ಎಂಬ ಅಧ್ಯಯನವು ಉತ್ತರ ನೀಡಿದೆ. ಮೊದಲ ಹಂತದಲ್ಲಿ ಟಿ.ಐ.ಎ. ಅಥವಾ ಸಣ್ಣ ಪಾರ್ಶ್ವವಾಯು ಆದವರಿಗೆ ಚಿಕಿತ್ಸಾಲಯದಲ್ಲಿ ಸಮಯ ನಿಗದಿಪಡಿಸಿ, ನಂತರ ಅವರ ಕುಟುಂಬ ವೈದ್ಯರ ಮೂಲಕ ಔಷಧ ಕೊಡಿಸಲಾಗುತ್ತಿತ್ತು. ಇದರಿಂದ ಔಷಧ ಆರಂಭವಾಗಲು ಸಾಮಾನ್ಯವಾಗಿ 20 ದಿನಗಳು ಹಿಡಿಯುತ್ತಿದ್ದವು. ಎರಡನೆಯ ಹಂತದಲ್ಲಿ ರೋಗಿಯನ್ನು ಕೂಡಲೇ ನೋಡಿ, ಔಷಧವನ್ನು ಅಲ್ಲಿಯೇ ಆರಂಭಿಸಲಾಯಿತು. 90 ದಿನಗಳಲ್ಲಿ ಪುನಃ ಪಾರ್ಶ್ವವಾಯು ಉಂಟಾದವರ ಪ್ರಮಾಣವು ಮೊದಲ ಹಂತದಲ್ಲಿ ಶೇ. 10.3 ಇದ್ದುದು ಎರಡನೆಯ ಹಂತದಲ್ಲಿ ಶೇ. 2.1ಕ್ಕೆ ಇಳಿಯಿತು. ಔಷಧಗಳು ಹೊಸವಾಗಿರಲಿಲ್ಲ, ಬದಲಾದುದು ಅವುಗಳನ್ನು ಆರಂಭಿಸಿದ ದಿನ ಮಾತ್ರ.

4. ಗುರುತಿಸುವ ಬಗೆ

ಟಿ.ಐ.ಎ.ಯ ಮುಖ್ಯ ಗುರುತು ಎಂದರೆ ಅದು ಥಟ್ಟನೆ ಆರಂಭವಾಗುವುದು ಹಾಗೂ ದೇಹದ ಯಾವುದಾದರೂ ಸಾಮರ್ಥ್ಯವು ಇಲ್ಲವಾಗುವುದು. ಕೈಯಲ್ಲಿದ್ದ ವಸ್ತು ಜಾರಿ ಬೀಳುತ್ತದೆ, ಚಪ್ಪಲಿ ಕಾಲಿನಿಂದ ಕಳಚಿದರೂ ತಿಳಿಯುವುದಿಲ್ಲ, ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ ಅಥವಾ ಎದುರಿನವರ ಮಾತು ಅರ್ಥವಾಗುವುದಿಲ್ಲ. ಒಂದು ಕಣ್ಣಿನ ಮುಂದೆ ಪರದೆ ಇಳಿದಂತೆ ಕತ್ತಲಾಗಿ, ಕೆಲವು ನಿಮಿಷಗಳ ನಂತರ ಸರಿಯಾಗುವುದೂ ಟಿ.ಐ.ಎ. ಆಗಿರಬಹುದು. ಇಂತಹವರು ಕನ್ನಡಕದ ಅಂಗಡಿಗೆ ಹೋಗಿ ಕಾಲಹರಣ ಮಾಡುವುದುಂಟು. ಕಣ್ಣಿಗೂ ಕೆರೋಟಿಡ್ ರಕ್ತನಾಳದಿಂದಲೇ ರಕ್ತ ಬರುವುದರಿಂದ ಇದನ್ನು ಕೈಕಾಲಿನ ಬಲಹೀನತೆಯಷ್ಟೇ ಗಂಭೀರವಾಗಿ ಪರಿಗಣಿಸತಕ್ಕದ್ದು.

ಟಿ.ಐ.ಎ.ಯನ್ನು ಹೋಲುವ ಬೇರೆ ತೊಂದರೆಗಳೂ ಇವೆ. ಅರೆತಲೆನೋವಿನವರಲ್ಲಿ ಮಿಂಚು ಅಥವಾ ಅಂಕುಡೊಂಕು ಗೆರೆಗಳು ಕಾಣಿಸಿ, ಜುಮ್ಮೆನ್ನುವಿಕೆಯು ಬೆರಳಿನಿಂದ ಮೇಲಕ್ಕೆ ನಿಧಾನವಾಗಿ ಹರಡುತ್ತದೆ, ಟಿ.ಐ.ಎ.ಯಲ್ಲಿ ಎಲ್ಲವೂ ಒಂದೇ ಸಲಕ್ಕೆ ಸಂಭವಿಸುತ್ತದೆ. ಕಾಲು ಮಡಿಸಿ ಕುಳಿತಾಗ ಜೋಮು ಹಿಡಿಯುವುದು ಭಂಗಿ ಬದಲಿಸಿದರೆ ಹೋಗುತ್ತದೆ. ಬೇರೆ ಯಾವ ಲಕ್ಷಣವೂ ಇಲ್ಲದೆ ಕೇವಲ ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿ ಟಿ.ಐ.ಎ. ಆಗಿರುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ತೀರಾ ಇಳಿದರೂ ಮಾತು ತೊದಲಿ, ಒಂದು ಬದಿ ಸೋಲಬಹುದು. ಆದುದರಿಂದ ಗ್ಲೂಕೋಮೀಟರ್ ಇರುವ ಮನೆಗಳಲ್ಲಿ ಕೂಡಲೇ ಸಕ್ಕರೆ ನೋಡುವುದು ಸೂಕ್ತ. ಆದರೆ ಇವುಗಳ ವ್ಯತ್ಯಾಸವನ್ನು ಮನೆಯಲ್ಲಿಯೇ ತೀರ್ಮಾನಿಸಿ ಸುಮ್ಮನಾಗತಕ್ಕದ್ದಲ್ಲ. ತೀರ್ಮಾನವನ್ನು ವೈದ್ಯರಿಗೆ ಬಿಡಬೇಕು.

5. ಒಂದು ಉದಾಹರಣೆ

ಈ ಮುಂದಿನ ವಿವರವು ಕ್ರಮವನ್ನು ತಿಳಿಸುವ ಸಲುವಾಗಿ ರಚಿಸಿದ ಮಾದರಿ ಪ್ರಕರಣವಾಗಿದೆ.

ತಿಪಟೂರು ತಾಲ್ಲೂಕಿನ ಗ್ರಾಮವೊಂದರ 61 ವರ್ಷದ ತೆಂಗು ಬೆಳೆಗಾರರೊಬ್ಬರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ರಕ್ತದೊತ್ತಡಕ್ಕೆ ಬರೆದುಕೊಟ್ಟಿದ್ದ ಮಾತ್ರೆಯನ್ನು ಅವರು ಒಂದು ವರ್ಷದ ಹಿಂದೆ ತಾವಾಗಿಯೇ ನಿಲ್ಲಿಸಿದ್ದರು. ಭಾನುವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಮುಖ ತೊಳೆಯುವಾಗ ಬಲಗೈಯಿಂದ ಚೊಂಬು ಜಾರಿ ಬಿದ್ದಿತು. ಬಗ್ಗಿ ಎತ್ತಿಕೊಳ್ಳಲು ಹೋದಾಗ ಬೆರಳುಗಳು ಮುಚ್ಚಲಿಲ್ಲ. ಪತ್ನಿಯನ್ನು ಕರೆದರೆ ಮಾತು ತೊದಲಿತು. ಬಾಯಿಯ ಬಲಭಾಗ ಜೋಲು ಬಿದ್ದಿದ್ದನ್ನು ಅವರ ಪತ್ನಿ ಗಮನಿಸಿದರು. 7 ಗಂಟೆ 25 ನಿಮಿಷದ ವೇಳೆಗೆ ಕೈ ಮಾತು ಎರಡೂ ಸರಿಯಾದವು. ಅವರು ಕಾಫಿ ಕುಡಿದು ತೋಟಕ್ಕೆ ಹೊರಟರು. "ಏನೂ ಆಗಿಲ್ಲ, ರಾತ್ರಿ ನಿದ್ದೆ ಕೆಟ್ಟಿತ್ತು, ನಾಳೆ ಸೋಮವಾರ ಡಾಕ್ಟರಿಗೆ ತೋರಿಸಿದರಾಯಿತು" ಎಂಬುದು ಅವರ ಅಭಿಪ್ರಾಯವಾಗಿತ್ತು. "ನಾಳೆ ಅಂದ್ರೆ ಆಗಲ್ಲ ಅಪ್ಪಾಜಿ, ಈಗಲೇ ಹೊರಡಿ" ಎಂದು ಮಗಳು ಪಟ್ಟು ಹಿಡಿದು ಅವರನ್ನು ಆಸ್ಪತ್ರೆಗೆ ಕರೆತಂದರು.

ಇಲ್ಲಿ ವೈದ್ಯರು ಬಳಸುವ ಒಂದು ಸರಳ ಅಂಕಪಟ್ಟಿಯನ್ನು ಗಮನಿಸಬಹುದು. ವಯಸ್ಸು 60 ಅಥವಾ ಹೆಚ್ಚಿದ್ದರೆ 1 ಅಂಕ. ಮೊದಲ ತಪಾಸಣೆಯಲ್ಲಿ ರಕ್ತದೊತ್ತಡವು ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ತಲುಪಿದ್ದರೆ 1 ಅಂಕ. ಒಂದು ಬದಿ ಬಲಹೀನವಾಗಿದ್ದರೆ 2 ಅಂಕ, ಬಲಹೀನತೆಯಿಲ್ಲದೆ ಮಾತು ಮಾತ್ರ ಕೆಟ್ಟಿದ್ದರೆ 1 ಅಂಕ. ಲಕ್ಷಣಗಳು 60 ನಿಮಿಷ ಅಥವಾ ಹೆಚ್ಚು ಕಾಲ ಇದ್ದರೆ 2 ಅಂಕ, 10ರಿಂದ 59 ನಿಮಿಷ ಇದ್ದರೆ 1 ಅಂಕ. ಸಕ್ಕರೆ ಕಾಯಿಲೆ ಇದ್ದರೆ 1 ಅಂಕ. ಒಟ್ಟು 7 ಅಂಕಗಳು. ಸದರಿ ಬೆಳೆಗಾರರ ರಕ್ತದೊತ್ತಡ 164/96 ಇತ್ತು. ವಯಸ್ಸಿಗೆ 1, ರಕ್ತದೊತ್ತಡಕ್ಕೆ 1, ಬಲಗೈ ಸೋತಿದ್ದಕ್ಕೆ 2, ಹದಿನೈದು ನಿಮಿಷಕ್ಕೆ 1, ಸಕ್ಕರೆ ಕಾಯಿಲೆಗೆ 1 ಸೇರಿ 6 ಅಂಕಗಳಾದವು. ನಾಲ್ಕು ಅಥವಾ ಹೆಚ್ಚು ಅಂಕ ಬಂದವರನ್ನು ಹೆಚ್ಚಿನ ಅಪಾಯದವರೆಂದು ಪರಿಗಣಿಸಲಾಗುತ್ತದೆ.

ಆದರೆ ಈ ಅಂಕಪಟ್ಟಿಗೆ ಮಿತಿಯಿದೆ. ಕುತ್ತಿಗೆಯ ರಕ್ತನಾಳ ಕಿರಿದಾಗಿದೆಯೇ, ಹೃದಯದ ಬಡಿತ ಕ್ರಮ ತಪ್ಪಿದೆಯೇ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 45 ವರ್ಷದವರೊಬ್ಬರಿಗೆ 2 ಅಂಕಗಳು ಬಂದು, ಅವರ ರಕ್ತನಾಳವು ಬಹುಪಾಲು ಮುಚ್ಚಿಕೊಂಡಿರಬಹುದು. ಆದಕಾರಣ ಅಂಕ ಕಡಿಮೆ ಎಂದು ಮನೆಯಲ್ಲಿಯೇ ಲೆಕ್ಕ ಹಾಕಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡತಕ್ಕದ್ದಲ್ಲ.

6. ಅದೇ ದಿನ ಮಾಡಬೇಕಾದುದು

ಲಕ್ಷಣಗಳು ಇನ್ನೂ ಇದ್ದಲ್ಲಿ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಲಕ್ಷಣಗಳು ಪೂರ್ಣವಾಗಿ ಹೋಗಿದ್ದಲ್ಲಿಯೂ ಅದೇ ದಿನ, ರಜಾ ದಿನವಾದರೂ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಹೊರರೋಗಿ ವಿಭಾಗ ತೆರೆಯುವ ದಿನಕ್ಕಾಗಿ ಕಾಯತಕ್ಕದ್ದಲ್ಲ. ರೋಗಿಯು ತಾನೇ ವಾಹನ ಚಲಾಯಿಸಿಕೊಂಡು ಹೋಗಕೂಡದು. ದಾರಿಯಲ್ಲಿ ಮರುಕಳಿಸಿದರೆ ಕೈಕಾಲು ಹಿಡಿತ ತಪ್ಪುವ ಸಾಧ್ಯತೆಯಿರುತ್ತದೆ.

ಮನೆಯಲ್ಲಿ ಆಸ್ಪಿರಿನ್ ಮಾತ್ರೆ ಇದ್ದರೂ ಲಕ್ಷಣಗಳು ಇರುವಾಗ ಕೊಡಕೂಡದು. ಇದೇ ಲಕ್ಷಣಗಳು ಮಿದುಳಿನಲ್ಲಿ ರಕ್ತಸ್ರಾವವಾದಾಗಲೂ ಕಾಣಿಸಿಕೊಳ್ಳುತ್ತವೆ. ಆಗ ಆಸ್ಪಿರಿನ್ ಹಾನಿಕರ. ಎರಡರಲ್ಲಿ ಯಾವುದು ಎಂಬುದನ್ನು ಸ್ಕ್ಯಾನ್ ಮಾತ್ರ ತಿಳಿಸಬಲ್ಲದು. ಲಕ್ಷಣಗಳು ಪೂರ್ತಿ ಹೋದ ಮೇಲೆ ವೈದ್ಯರು ಪರೀಕ್ಷಿಸಿ ಮೊದಲ ಮಾತ್ರೆಯನ್ನು ತಾವೇ ನೀಡುತ್ತಾರೆ. ರಕ್ತದೊತ್ತಡ ಹೆಚ್ಚಿದೆಯೆಂದು ಮನೆಯವರ ಮಾತ್ರೆಯನ್ನು ಕೊಟ್ಟು ಏಕಾಏಕಿ ಇಳಿಸುವುದೂ ತಪ್ಪು. ಬಾಯಿ ವಾಲಿರುವಾಗ ನೀರು, ಕಾಫಿ, ಕಷಾಯ ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು.

ಆಸ್ಪತ್ರೆಯನ್ನು ತಲುಪುವಷ್ಟರಲ್ಲಿ ರೋಗಿಯ ದೇಹದಲ್ಲಿ ಯಾವ ಗುರುತೂ ಉಳಿದಿರದ ಕಾರಣ, ವೈದ್ಯರ ನಿರ್ಣಯವು ಬಹುತೇಕ ಕುಟುಂಬದವರ ಹೇಳಿಕೆಯನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಘಟನೆಯನ್ನು ಕಣ್ಣಾರೆ ಕಂಡವರು ಜೊತೆಯಲ್ಲಿ ಹೋಗುವುದು ಅವಶ್ಯಕ. ಈ ಕೆಳಕಂಡ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು:

(ಅ) ರೋಗಿಯು ಪೂರ್ಣ ಆರೋಗ್ಯವಾಗಿದ್ದುದನ್ನು ಕೊನೆಯದಾಗಿ ಕಂಡ ಸಮಯ, ಲಕ್ಷಣ ಆರಂಭವಾದ ಹಾಗೂ ಮುಗಿದ ಸಮಯ.
(ಆ) ಬಲಭಾಗವೋ ಎಡಭಾಗವೋ. ಕೈ, ಕಾಲು, ಮುಖ, ಮಾತು, ಕಣ್ಣು ಇವುಗಳಲ್ಲಿ ಯಾವುದಕ್ಕೆ ತೊಂದರೆಯಾಯಿತು.
(ಇ) ಹಿಂದಿನ ದಿನಗಳಲ್ಲಿ ಇಂತಹದೇ ಘಟನೆ ನಡೆದಿತ್ತೇ.
(ಈ) ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆಗಳು, ನಾಟಿ ಔಷಧ ಸಹಿತ. ಸಾಧ್ಯವಾದರೆ ಮಾತ್ರೆಯ ಹಾಳೆಗಳನ್ನೇ ತರುವುದು.

7. ಆಸ್ಪತ್ರೆಯಲ್ಲಿ ಉತ್ತರ ಸಿಗಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು, ಮಿದುಳಿನಲ್ಲಿ ಏನಾಗಿದೆ ಎಂಬುದು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ತೋರಿಸುತ್ತದೆ. ಆದರೆ ಸಿ.ಟಿ. ವರದಿಯು ಸಾಮಾನ್ಯ ಎಂದು ಬಂದ ಮಾತ್ರಕ್ಕೆ ಟಿ.ಐ.ಎ. ಆಗಿಲ್ಲವೆಂದು ಅರ್ಥವಲ್ಲ, ಟಿ.ಐ.ಎ.ಯಲ್ಲಿ ಸಿ.ಟಿ. ಸಾಮಾನ್ಯವಾಗಿಯೇ ಇರುತ್ತದೆ. "ಸ್ಕ್ಯಾನ್ ನಾರ್ಮಲ್ ಇದೆ" ಎಂಬ ಒಂದು ಮಾತಿನಿಂದ ಸಮಾಧಾನಗೊಂಡು ಮನೆಗೆ ಮರಳುವುದು ಈ ಕಾಯಿಲೆಯಲ್ಲಿ ಆಗುವ ಸಾಮಾನ್ಯ ತಪ್ಪು. ಎಂ.ಆರ್.ಐ. ಪರೀಕ್ಷೆಯು ಸಣ್ಣ ಹಾನಿಯನ್ನೂ ತೋರಿಸಬಲ್ಲದು.

ಎರಡನೆಯದು, ರಕ್ತನಾಳ ಕಿರಿದಾಗಿದೆಯೇ ಎಂಬುದು. ಕುತ್ತಿಗೆಯ ಡಾಪ್ಲರ್ ಸ್ಕ್ಯಾನ್ ಮೂಲಕ ಕೆರೋಟಿಡ್ ರಕ್ತನಾಳವನ್ನು ನೋಡಲಾಗುತ್ತದೆ. ತಲೆಬುರುಡೆಯೊಳಗಿನ ರಕ್ತನಾಳಗಳನ್ನು ನೋಡಲು ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಂ ಅಗತ್ಯ. ಲಕ್ಷಣ ಉಂಟುಮಾಡಿದ ಬದಿಯ ಕೆರೋಟಿಡ್ ರಕ್ತನಾಳವು ಶೇ. 50ಕ್ಕಿಂತ ಹೆಚ್ಚು ಕಿರಿದಾಗಿದ್ದು ಪೂರ್ತಿ ಮುಚ್ಚಿರದಿದ್ದರೆ, ಅದರೊಳಗಿನ ಕೊಬ್ಬನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆಯುವ ಬಗ್ಗೆ ತಜ್ಞರು ನಿರ್ಧರಿಸುತ್ತಾರೆ. ಕಿರಿದಾದ ಪ್ರಮಾಣವು ಶೇ. 70 ಮೀರಿದವರಿಗೆ ಇದರ ಪ್ರಯೋಜನ ಅಧಿಕ. ಎರಡು ವಾರಗಳೊಳಗೆ ಮಾಡಿದಲ್ಲಿ ಹೆಚ್ಚಿನ ಲಾಭವಿದ್ದು, ತಡವಾದಷ್ಟೂ ಲಾಭ ಕುಗ್ಗುತ್ತದೆ. ತಲೆಬುರುಡೆಯೊಳಗಿನ ರಕ್ತನಾಳ ಕಿರಿದಾಗಿದ್ದಲ್ಲಿ ಸಾಮಾನ್ಯವಾಗಿ ಔಷಧವೇ ಮೊದಲ ಚಿಕಿತ್ಸೆ.

ಮೂರನೆಯದು, ಹೃದಯದ ಬಡಿತ ಕ್ರಮದಲ್ಲಿದೆಯೇ ಎಂಬುದು. ಇ.ಸಿ.ಜಿ.ಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕ್ರಮ ತಪ್ಪಿದ ಬಡಿತ ಕಂಡುಬಂದರೆ ಆಸ್ಪಿರಿನ್ ಸಾಲದು; ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಬೇರೆ ವರ್ಗದ ಔಷಧ ಬೇಕಾಗುತ್ತದೆ. ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಬಡಿತವು ಕ್ರಮ ತಪ್ಪಿದರೆ ಹೊಸ ಔಷಧಗಳಿಗಿಂತ ವಾರ್ಫರಿನ್ ವರ್ಗದ ಹಳೆಯ ಔಷಧವೇ ಉತ್ತಮ ಎಂಬುದು 2022ರಲ್ಲಿ ಪ್ರಕಟವಾದ ಅಧ್ಯಯನದಿಂದ ದೃಢಪಟ್ಟಿದೆ. ಕ್ರಮ ತಪ್ಪಿದ ಬಡಿತವು ಬಂದು ಹೋಗುವಂತಹುದೂ ಆಗಿರುವುದರಿಂದ, ಒಂದು ಇ.ಸಿ.ಜಿ. ಸರಿಯಿದ್ದರೂ ವೈದ್ಯರು 24 ಗಂಟೆ ಅಥವಾ ಹೆಚ್ಚು ಕಾಲ ದಾಖಲಿಸುವ ಹೋಲ್ಟರ್ ಉಪಕರಣವನ್ನು ಅಳವಡಿಸಬಹುದು.

ಮೇಲ್ಕಂಡ ಬೆಳೆಗಾರರ ಪ್ರಕರಣದಲ್ಲಿ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡುಬರಲಿಲ್ಲ, ಇ.ಸಿ.ಜಿ. ಸರಿಯಿತ್ತು. ಡಾಪ್ಲರ್ ಪರೀಕ್ಷೆಯಲ್ಲಿ ಎಡ ಕೆರೋಟಿಡ್ ರಕ್ತನಾಳವು ಶೇ. 80ರಷ್ಟು ಕಿರಿದಾಗಿತ್ತು. ದೇಹದ ಬಲಭಾಗವನ್ನು ಮಿದುಳಿನ ಎಡಭಾಗವು ನಿಯಂತ್ರಿಸುವುದರಿಂದ, ಬಲಗೈ ಸೋತಿದ್ದಕ್ಕೂ ಎಡ ರಕ್ತನಾಳಕ್ಕೂ ಹೊಂದಾಣಿಕೆಯಾಯಿತು. ಅದೇ ದಿನ ಔಷಧ ಆರಂಭವಾಗಿ, ಒಂಬತ್ತನೆಯ ದಿನ ಶಸ್ತ್ರಚಿಕಿತ್ಸೆ ನಡೆಯಿತು. ಸ್ಕ್ಯಾನ್ ಸರಿಯಿದೆ ಎಂಬ ಮಾತಿಗೆ ಅವರು ಮನೆಗೆ ಮರಳಿದ್ದರೆ ಈ ಸಂಗತಿ ತಿಳಿಯುತ್ತಿರಲಿಲ್ಲ.

8. ಔಷಧಗಳು ಹಾಗೂ ಅವುಗಳ ಅವಧಿ

ಹೃದಯದ ಬಡಿತ ಕ್ರಮದಲ್ಲಿದ್ದು, ಹೆಚ್ಚಿನ ಅಪಾಯದ ಟಿ.ಐ.ಎ. ಆದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎಂಬ ಎರಡು ಮಾತ್ರೆಗಳನ್ನು ಒಟ್ಟಿಗೆ ಆರಂಭಿಸಿ, ಸುಮಾರು 21 ದಿನಗಳ ನಂತರ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಲಾಗುತ್ತದೆ. ಮೊದಲ ವಾರಗಳಲ್ಲಿ ಎರಡೂ ಸೇರಿ ಹೆಚ್ಚು ರಕ್ಷಣೆ ನೀಡುತ್ತವೆ. ಆನಂತರ ರಕ್ಷಣೆಯ ಹೆಚ್ಚಳ ನಿಂತು, ರಕ್ತಸ್ರಾವದ ಅಪಾಯ ಮಾತ್ರ ಬೆಳೆಯುತ್ತದೆ.

ಇಲ್ಲಿ ಎರಡು ವಿರುದ್ಧ ಬಗೆಯ ತಪ್ಪುಗಳಾಗುತ್ತವೆ. ಕೆಲವರು 21 ದಿನಗಳ ಚೀಟಿಯನ್ನೇ ಔಷಧದ ಅಂಗಡಿಯಲ್ಲಿ ತೋರಿಸುತ್ತಾ ತಿಂಗಳುಗಟ್ಟಲೆ ಎರಡನ್ನೂ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವರು 21 ದಿನ ಮುಗಿಯಿತೆಂದು ಎರಡನ್ನೂ ನಿಲ್ಲಿಸುತ್ತಾರೆ. ಆದುದರಿಂದ ಬಿಡುಗಡೆಯಾಗುವಾಗ "ಯಾವ ಮಾತ್ರೆಯನ್ನು, ಯಾವ ತಾರೀಖಿನಂದು ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು" ಎಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳುವುದು ಅವಶ್ಯಕ.

ಹಲ್ಲು ಕೀಳಿಸುವ ಮೊದಲು ಅಥವಾ ಸಣ್ಣ ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಗಳನ್ನು ತಾವಾಗಿ ನಿಲ್ಲಿಸಕೂಡದು. ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳಬೇಕು. ಮಂಡಿನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ತಂದು ಸೇರಿಸಿಕೊಂಡರೆ ಜಠರದಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ. ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವುದು ಅದರ ಗುರುತು. ಹಾಗಾದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇದರೊಡನೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಸಾಮಾನ್ಯವಾಗಿ ನೀಡಲಾಗುತ್ತದೆ. ರಕ್ತದೊತ್ತಡವನ್ನು ಆನಂತರದ ವಾರಗಳಲ್ಲಿ ಕ್ರಮೇಣ ಇಳಿಸಿ, ಬಹುತೇಕ ರೋಗಿಗಳಲ್ಲಿ 130/80ಕ್ಕಿಂತ ಕೆಳಗೆ ಇರಿಸುವುದು ಗುರಿಯಾಗಿರುತ್ತದೆ. ಪಾರ್ಶ್ವವಾಯುವಿನ ಕಾರಣಗಳಲ್ಲಿ ಅಧಿಕ ರಕ್ತದೊತ್ತಡವೇ ಪ್ರಮುಖವಾಗಿದ್ದು, ತಲೆಸುತ್ತು ತಲೆನೋವು ಇಲ್ಲವೆಂಬ ಕಾರಣಕ್ಕೆ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಉಪ್ಪನ್ನು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಿಸಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿನ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಬೀಡಿ, ಸಿಗರೇಟು ಹಾಗೂ ಎಲೆಅಡಿಕೆಯೊಡನೆ ಹಾಕುವ ಹೊಗೆಸೊಪ್ಪನ್ನು ಪೂರ್ತಿ ಬಿಡಬೇಕು.

9. ಮರುಕಳಿಸಿದಲ್ಲಿ

ಮೊದಲ ಸಲ ತಾನಾಗಿ ಹೋಯಿತೆಂದು ಎರಡನೆಯ ಸಲವೂ ಕಾಯುವುದು ಅತ್ಯಂತ ದುಬಾರಿಯಾಗುವ ತಪ್ಪು. ಲಕ್ಷಣ ಕಂಡ ಕೂಡಲೇ ಗಡಿಯಾರ ನೋಡಿ 108ಕ್ಕೆ ಕರೆ ಮಾಡಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಅದಕ್ಕೆ ಮೊದಲು ಸ್ಕ್ಯಾನ್ ಕೂಡ ಆಗಬೇಕು. ನಿದ್ರೆಯಿಂದ ಏಳುವಾಗಲೇ ಲಕ್ಷಣ ಕಂಡರೆ, ಮಲಗುವ ಮುನ್ನ ಚೆನ್ನಾಗಿದ್ದ ಸಮಯದಿಂದ ಲೆಕ್ಕ ಆರಂಭವಾಗುತ್ತದೆ. ಅಂತಹವರೂ ಆಸ್ಪತ್ರೆಗೆ ಹೋಗುವುದನ್ನು ಬಿಡಕೂಡದು. ದೊಡ್ಡ ರಕ್ತನಾಳ ಮುಚ್ಚಿದ ಕೆಲವರಲ್ಲಿ ಹೆಪ್ಪನ್ನು ನಾಳದ ಮೂಲಕವೇ ಹೊರತೆಗೆಯುವ ಚಿಕಿತ್ಸೆಯು 24 ಗಂಟೆಗಳವರೆಗೂ ಸಾಧ್ಯವಿದೆ.

ಮನೆಯ ಎಲ್ಲಾ ಸದಸ್ಯರಿಗೂ ಈ ಸಂಗತಿ ತಿಳಿದಿರಬೇಕು. ಮಾತು ಕಳೆದುಕೊಂಡ ರೋಗಿಯು ತಾನೇ ಕರೆ ಮಾಡಲಾರರು. ಒಂಟಿಯಾಗಿ ವಾಸಿಸುವವರು ಮೊದಲ ಕೆಲವು ವಾರಗಳ ಮಟ್ಟಿಗಾದರೂ ಸಂಬಂಧಿಕರನ್ನು ಜೊತೆಗಿರಿಸಿಕೊಳ್ಳುವುದು ಸೂಕ್ತ. ವಾಹನ ಚಾಲನೆ, ಮರ ಏರುವುದು, ಯಂತ್ರದ ಕೆಲಸ ಇವುಗಳನ್ನು ವೈದ್ಯರ ಅನುಮತಿ ದೊರೆತ ಮೇಲೆಯೇ ಪುನರಾರಂಭಿಸತಕ್ಕದ್ದು.

10. ಸರ್ಕಾರಿ ಸೌಲಭ್ಯ

ಕರ್ನಾಟಕದಲ್ಲಿ 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ ಜಾರಿಗೆ ಬಂದ ಯೋಜನೆಯಡಿ, ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವು ದೊರೆಯುತ್ತದೆ. ಇತರ ಕುಟುಂಬಗಳಿಗೆ ಯೋಜನೆಯ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಲಭ್ಯ. ಆಧಾರ್ ಹಾಗೂ ಪಡಿತರ ಚೀಟಿಯನ್ನು ಹಾಜರುಪಡಿಸಬೇಕು. ಶಸ್ತ್ರಚಿಕಿತ್ಸೆಯಂತಹ ನಿಗದಿತ ಚಿಕಿತ್ಸೆಗೆ ಖಾಸಗಿ ನೋಂದಾಯಿತ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರವಿಲ್ಲದೆಯೂ ನೇರವಾಗಿ ಹೋಗಬಹುದು. ಆದ್ದರಿಂದ ಲಕ್ಷಣ ಕಂಡ ದಿನ ಚೀಟಿ, ದಾಖಲೆಗಳನ್ನು ಹುಡುಕುತ್ತಾ ಕಾಲ ಕಳೆಯತಕ್ಕದ್ದಲ್ಲ. ರೋಗಿಯು ಮೊದಲು ಹೊರಡಲಿ, ದಾಖಲೆಗಳನ್ನು ಮತ್ತೊಬ್ಬರು ತರಬಹುದು.

ಬಿಡುಗಡೆ ಪತ್ರ, ಸ್ಕ್ಯಾನ್ ಚಿತ್ರಗಳು, ಡಾಪ್ಲರ್ ಹಾಗೂ ಇ.ಸಿ.ಜಿ. ವರದಿಗಳನ್ನು ಒಂದೇ ಕಡತದಲ್ಲಿ ಇರಿಸಿಕೊಂಡು ಪ್ರತಿ ಭೇಟಿಯಲ್ಲಿಯೂ ತರುವುದು. ವೈದ್ಯರು ಬದಲಾದರೂ ಚಿಕಿತ್ಸೆ ತಪ್ಪದಂತೆ ಇದರಿಂದ ಅನುಕೂಲವಾಗುತ್ತದೆ.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಔಷಧದ ಆಯ್ಕೆ, ಪ್ರಮಾಣ ಹಾಗೂ ಅವಧಿಯನ್ನು ರೋಗಿಯನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸತಕ್ಕದ್ದು.